ಶಿರಾದ ವೀರಗಲ್ಲು ಹುಡುಕಲು ಹೋಗಿ ಚಿಕ್ಕನಾಯಕನಹಳ್ಳಿ ತಲುಪಿದ್ದು

ನನಗೆ ಭಾನುವಾರ ಬಂದರೆ ವೀರಗಲ್ಲು ಹುಡುಕಿಕೊಂಡು ಹೋಗುವ ಹುಚ್ಚು. ಹೊಲದ ಬದುವಿನಲ್ಲೋ ಕೆರೆ ಏರಿಯ ಪಕ್ಕದಲ್ಲೋ ಅರ್ಧ ಹೂತು ನಿಂತಿರುತ್ತವಲ್ಲ, ಅವೇ. ಹೋದ ವರ್ಷ ಪರಿಚಯದವರೊಬ್ಬರು ಒಂದು ಪಿಡಿಎಫ್ ಕಳಿಸಿದರು. ಶಿರಾ ತಾಲ್ಲೂಕಿನಲ್ಲಿ ಅವರು ನೋಡಿ ಬಂದ ಕಲ್ಲುಗಳ ಪಟ್ಟಿ, ಒಂದೊಂದರ ಮುಂದೆಯೂ ಅಕ್ಷಾಂಶ ರೇಖಾಂಶ ಬರೆದಿತ್ತು. ನಾನು ಆರಿಸಿಕೊಂಡ ಸಾಲು ಇದು, ಪಕ್ಕದಲ್ಲಿ 'ಕೆರೆ ಏರಿಯ ಕೆಳಗೆ' ಅಂತ ಟಿಪ್ಪಣಿ:

```
13º41’07.2” N   76º58’33.6” E
```

ಕಾಪಿ ಮಾಡಿ ಫೋನಿನ ಮ್ಯಾಪ್‌ಗೆ ಪೇಸ್ಟ್ ಮಾಡಿದೆ. ಏನೂ ಸಿಗಲಿಲ್ಲ ಅಂತ ಬಂತು. ಮತ್ತೆ ಮಾಡಿದೆ, ಮತ್ತೆ ಅದೇ. ಮ್ಯಾಪ್‌ಗೆ ಚುಕ್ಕಿ ಇರುವ ಸಂಖ್ಯೆ ಇಷ್ಟ ಅಂತ ಗೊತ್ತಿತ್ತು, ಹಾಗಾಗಿ ಡಿಗ್ರಿ ಗುರುತು ಇದ್ದಲ್ಲಿ ಒಂದು ಚುಕ್ಕಿ ಇಟ್ಟು, ಮಿಕ್ಕ ಗುರುತುಗಳನ್ನೆಲ್ಲ ಅಳಿಸಿ, 13.41072, 76.58336 ಅಂತ ಹೊಡೆದೆ. ತಕ್ಷಣ ಕೆಂಪು ಗುರುತು ಬಂದು ಕೂತಿತು. ದಾರಿ ತೋರಿಸು ಅಂದೆ, ತೋರಿಸಿತು. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ತುಮಕೂರಿನಿಂದ ಹೊರಟೆ.

ಗುಬ್ಬಿ ದಾಟಿದ ಮೇಲೆ ಅವನು ಬೆನ್ನು ತಟ್ಟಿ, 'ಗುರು, ಶಿರಾ ಅಂದ್ರೆ ಹೈವೇ ಹಿಡೀಬೇಕಿತ್ತು ಅಲ್ವಾ?' ಅಂದ. ಮ್ಯಾಪ್ ಹೇಳ್ತಿದೆ ಸುಮ್ನೆ ಕೂರು ಅಂದೆ. ಕೊನೆಗೆ ಹೋಗಿ ನಿಂತದ್ದು ಚಿಕ್ಕನಾಯಕನಹಳ್ಳಿಯ ಹತ್ತಿರ. ಕಲ್ಲಿಲ್ಲ, ಕೆರೆ ಇಲ್ಲ, ಏರಿ ಇಲ್ಲ. ಅಲ್ಲಿದ್ದ ಅಜ್ಜನೊಬ್ಬರು ಎಳನೀರು ಕೊಟ್ಟರು, ಅದೊಂದೇ ಲಾಭ. ಆಮೇಲೆ ಮನೆಗೆ ಬಂದು ಅಳೆದು ನೋಡಿದರೆ ನಾನು ನಿಂತ ಜಾಗಕ್ಕೂ ಕಲ್ಲಿನ ಜಾಗಕ್ಕೂ ನೇರ ಗೆರೆ ಎಳೆದರೇನೇ ಸುಮಾರು 52 ಕಿ.ಮೀ. ಮೊದಲು ಪೇಸ್ಟ್ ಮಾಡಿದ್ದನ್ನು ಮ್ಯಾಪ್ ಒಪ್ಪಲಿಲ್ಲವಲ್ಲ, ಅದರಿಂದ ಏನೂ ನಷ್ಟ ಆಗಿರಲಿಲ್ಲ. ಎರಡನೇದನ್ನು ಒಪ್ಪಿಕೊಂಡಿತು ನೋಡಿ, ಪೆಟ್ರೋಲು ಸುಟ್ಟದ್ದು ಅದರಿಂದ.

ತಪ್ಪು ಏನು ಅಂದರೆ, 41 ಅನ್ನೋದು ನಿಮಿಷ, ನೂರರಲ್ಲಿ 41 ಅಲ್ಲ. ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡು, ಗಡಿಯಾರದ ಲೆಕ್ಕವೇ. ಒಂದು ಗಂಟೆ 30 ನಿಮಿಷ ಅಂದರೆ ಒಂದೂವರೆ ಗಂಟೆ, ಅದನ್ನು ದಶಮಾಂಶದಲ್ಲಿ 1.5 ಅಂತ ಬರೆಯಬೇಕು, 1.30 ಅಲ್ಲ. ಕ್ರಿಕೆಟ್ ನೋಡುವವರಿಗೆ ಇನ್ನೂ ಸುಲಭ: 4.3 ಓವರ್ ಅಂದರೆ ನಾಲ್ಕೂವರೆ ಓವರ್, ಆ ಚುಕ್ಕಿ ನಿಜವಾದ ದಶಮಾಂಶದ ಚುಕ್ಕಿಯೇ ಅಲ್ಲ. ನಾನು ಹೊಡೆದ 13.41072ರ ಚುಕ್ಕಿಯೂ ಅಂಥದ್ದೇ ಸುಳ್ಳು ಚುಕ್ಕಿ.

ಸರಿಯಾದ ಲೆಕ್ಕ ಅಂದರೆ ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸುವುದು. ಆದರೆ ನಾನು ಈಗ ದಾರಿಯಲ್ಲಿ ನಿಂತು ಮಾಡುವ ಕ್ರಮ ಬೇರೆ. ಹಿಂದಿನಿಂದ ಶುರು ಮಾಡುತ್ತೇನೆ. ಸೆಕೆಂಡು ಹಾಕಿ, 60ರಿಂದ ಭಾಗಿಸಿ, ನಿಮಿಷ ಕೂಡಿಸಿ, ಬಂದದ್ದನ್ನು ಮತ್ತೆ 60ರಿಂದ ಭಾಗಿಸಿ, ಡಿಗ್ರಿ ಕೂಡಿಸುವುದು. ಯಾವುದನ್ನೂ ಬರೆದಿಟ್ಟುಕೊಳ್ಳಬೇಕಿಲ್ಲ.

```
7.2 ÷ 60 + 41 = 41.12
41.12 ÷ 60 + 13 = 13.685333

33.6 ÷ 60 + 58 = 58.56
58.56 ÷ 60 + 76 = 76.976
```

ಮೊದಲ ಸಾಲಾದ ಮೇಲೆ ಸಮ ಗುರುತು ಒತ್ತಲೇಬೇಕು. ಒತ್ತದೆ ಮುಂದುವರಿದರೆ ಫೋನಿನ ಕ್ಯಾಲ್ಕುಲೇಟರ್ ಬರೀ 41ನ್ನು ಮಾತ್ರ 60ರಿಂದ ಭಾಗಿಸಿ ಏನೋ ಒಂದು ಉತ್ತರ ಕೊಡುತ್ತದೆ. ಮ್ಯಾಪ್‌ಗೆ ಹಾಕಬೇಕಾದದ್ದು ಇಷ್ಟೇ: 13.685333, 76.976. ಮೊದಲು ಅಕ್ಷಾಂಶ, ಆಮೇಲೆ ಅಲ್ಪವಿರಾಮ, ಆಮೇಲೆ ರೇಖಾಂಶ. ಉಲ್ಟಾ ಹಾಕಿದರೆ ಕರ್ನಾಟಕ ಬಿಟ್ಟು ಉತ್ತರ ಧ್ರುವದ ಕಡೆ ಸಮುದ್ರಕ್ಕೆ ಹೋಗುತ್ತದೆ, ಅದು ಕಣ್ಣಿಗೆ ಬೀಳುವ ತಪ್ಪಾದ್ದರಿಂದ ಅಷ್ಟು ಭಯವಿಲ್ಲ.

ಇನ್ನು ಮೊದಲ ಸಲ ಯಾಕೆ ಒಪ್ಪಲಿಲ್ಲ? ಇದು ನನ್ನನ್ನು ಜಾಸ್ತಿ ಕಾಡಿದ ಪ್ರಶ್ನೆ, ಯಾಕಂದರೆ ಡಿಗ್ರಿ ನಿಮಿಷ ಸೆಕೆಂಡನ್ನು ನಾನು ಕೈಯಲ್ಲಿ ಟೈಪ್ ಮಾಡಿದಾಗ ಅದೇ ಆ್ಯಪ್ ಒಪ್ಪಿಕೊಂಡಿತು. ಟೈಪ್ ಮಾಡಿದ್ದನ್ನೂ ಪೇಸ್ಟ್ ಮಾಡಿದ್ದನ್ನೂ ಒಂದರ ಕೆಳಗೆ ಒಂದು ಇಟ್ಟು ದೊಡ್ಡದು ಮಾಡಿ ನೋಡಿದೆ.

```
13º41’07.2” N     (ಪಿಡಿಎಫ್‌ನದು)
13°41'07.2"N      (ಟೈಪ್ ಮಾಡಿದ್ದು)
```

ಮೇಲಿನ ಸಾಲಿನ ಆ ಸೊನ್ನೆ ಡಿಗ್ರಿ ಗುರುತೇ ಅಲ್ಲ. ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲಿ ಸಂಖ್ಯೆಯ ಪಕ್ಕ 'ಒಂದನೇ, ಎರಡನೇ' ಅನ್ನಲು ಹಾಕುವ ಪುಟ್ಟ 'ಒ' ಅಕ್ಷರ ಅದು. ನೋಡಲು ಅವಳಿ ಜವಳಿ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ನಿಮಿಷ ಸೆಕೆಂಡಿನ ನೆಟ್ಟಗಿನ ಗೆರೆಗಳನ್ನು ವರ್ಡ್ ತಂತ್ರಾಂಶ ತಾನಾಗಿ ಬಾಗಿಸಿ, ಮಾತಿಗೆ ಹಾಕುವ ಉದ್ಧರಣ ಚಿಹ್ನೆ ಮಾಡಿಬಿಟ್ಟಿತ್ತು. ಕೆಲವರು ಸೆಕೆಂಡಿಗೆ ಒಂಟಿ ಗೆರೆಯನ್ನೇ ಎರಡು ಸಲ ಒತ್ತಿರುತ್ತಾರೆ. ಅದೂ ಕಣ್ಣಿಗೆ ಕಾಣಲ್ಲ. ಕನ್ನಡದ ಪಿಡಿಎಫ್ ಆದರೆ ಇನ್ನೊಂದು ಫಜೀತಿ: ಅಂಕಿಗಳು ೧೩, ೪೧ ಅಂತ ಕನ್ನಡದಲ್ಲಿರುತ್ತವೆ, N ಬದಲು 'ಉ' ಅಂತ ಇರುತ್ತದೆ, ಯುನಿಕೋಡ್ ಅಲ್ಲದ ಹಳೇ ಫಾಂಟ್ ಆಗಿದ್ದರಂತೂ ಪೇಸ್ಟ್ ಮಾಡಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉದುರುತ್ತವೆ. ಅಂಥದ್ದನ್ನು ಕಣ್ಣಲ್ಲಿ ಓದಿ ಕೈಯಲ್ಲಿ ಹೊಡೆಯುವುದೇ ವಾಸಿ.

ಗುರುತುಗಳನ್ನು ಸರಿ ಮಾಡಿಯೇ ಹಾಕುತ್ತೇನೆ ಅನ್ನುವವರಿಗೆ: ಐಫೋನಿನಲ್ಲಿ ಸೊನ್ನೆಯನ್ನು ಒತ್ತಿ ಹಿಡಿದರೆ ಡಿಗ್ರಿ ಗುರುತು ಬರುತ್ತದೆ, ವಿಂಡೋಸ್‌ನಲ್ಲಿ ಆಲ್ಟ್ ಒತ್ತಿಕೊಂಡು ಬಲಗಡೆಯ ಅಂಕಿ ಕೀಲಿಗಳಲ್ಲಿ 0176 ಹೊಡೆಯಬೇಕು. ನಾನು ಆ ಗೋಜಿಗೇ ಹೋಗಲ್ಲ. ದಶಮಾಂಶ ಮಾಡಿಬಿಟ್ಟರೆ ಬೇಕಾಗುವುದು ಚುಕ್ಕಿ, ಅಲ್ಪವಿರಾಮ ಎರಡೇ.

ಪಟ್ಟಿಯಲ್ಲಿ ಇನ್ನೂ ಹನ್ನೊಂದು ಸಾಲು ಇದ್ದವು. ಅವನ್ನು ಎಕ್ಸೆಲ್‌ನಲ್ಲಿ ಡಿಗ್ರಿ, ನಿಮಿಷ, ಸೆಕೆಂಡು ಮೂರು ಕಾಲಂ ಮಾಡಿ ಹಾಕಿ, ನಾಲ್ಕನೇದರಲ್ಲಿ ಇದನ್ನು ಬರೆದು ಕೆಳಗೆ ಎಳೆದೆ:

```
=A2+B2/60+C2/3600
```

ಇದಾದ ಮೇಲೆ ನನಗೊಂದು ಅನುಮಾನದ ಚಾಳಿ ಅಂಟಿಕೊಂಡಿತು. ಯಾರಾದರೂ ದಶಮಾಂಶದಲ್ಲೇ ಪಟ್ಟಿ ಕೊಟ್ಟರೆ ಅದು ನಿಜವಾದ ದಶಮಾಂಶವೋ, ನನ್ನ ಹಾಗೇ ಚುಕ್ಕಿ ಇಟ್ಟು ಮಾಡಿದ್ದೋ? ತಿಳಿಯುವುದು ಸುಲಭ. ಚುಕ್ಕಿ ಆದ ಮೇಲಿನ ಮೊದಲ ಎರಡು ಅಂಕಿ ನೋಡುತ್ತಾ ಹೋಗಿ. ನಿಜವಾದ ದಶಮಾಂಶವಾದರೆ ಅಲ್ಲಿ 60ರಿಂದ 99ರ ತನಕದ ಸಂಖ್ಯೆಗಳೂ ಬರಬೇಕು, ಜಾಗಗಳು ಅಲ್ಲಲ್ಲಿ ಹರಡಿಕೊಂಡಿದ್ದರೆ ಸುಮಾರಾಗಿ ಹತ್ತರಲ್ಲಿ ನಾಲ್ಕು. ನನಗೆ ಬಂದ ಇನ್ನೊಂದು ಪಟ್ಟಿಯಲ್ಲಿ 38 ಸಾಲು, ಜಿಲ್ಲೆಯ ಉದ್ದಗಲದ ಜಾಗಗಳು, ಒಂದರಲ್ಲೂ 59 ದಾಟಿರಲಿಲ್ಲ. ಅದರ ಮುಂದಿನ ಎರಡು ಅಂಕಿಯೂ 59 ದಾಟಿರಲಿಲ್ಲ. ಕಳಿಸಿದವರಿಗೆ ಫೋನ್ ಮಾಡಿ ಕೇಳಿದೆ, 'ಹೌದು ಸಾರ್, ಗುರುತು ತೆಗೆದು ಚುಕ್ಕಿ ಹಾಕಿದ್ವಿ' ಅಂದರು. ಆದರೆ ಎಲ್ಲ ಕಲ್ಲುಗಳೂ ಒಂದೇ ಊರಿನ ಸುತ್ತ ಇದ್ದರೆ ಈ ಪರೀಕ್ಷೆ ನಡೆಯಲ್ಲ, ಮೊದಲ ಎರಡು ಅಂಕಿ ಎಲ್ಲದಕ್ಕೂ ಒಂದೇ ಇರುತ್ತದೆ.

ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರದಲ್ಲಿ ಬರೆದುಕೊಂಡದ್ದಾದರೆ ಮೂರನೇ ಬಗೆಯೊಂದಿದೆ, ಡಿಗ್ರಿ ಮತ್ತು ದಶಮಾಂಶದ ನಿಮಿಷ. ನಮ್ಮ ಕಲ್ಲು ಅದರಲ್ಲಿ 13°41.120' ಅಂತ ಕಾಣುತ್ತದೆ. ಮೇಲಿನ ಕ್ಯಾಲ್ಕುಲೇಟರ್ ಲೆಕ್ಕದ ಮೊದಲ ಸಾಲಿನ ಉತ್ತರವೇ ಅದು, ನೋಡಿ. ಹಾಗಾಗಿ ಅಲ್ಲಿಂದ ಒಂದೇ ಮೆಟ್ಟಿಲು: 60ರಿಂದ ಭಾಗಿಸಿ 13 ಕೂಡಿಸುವುದು. ಇದನ್ನು 41 ನಿಮಿಷ 12 ಸೆಕೆಂಡು ಅಂತ ಓದಿಕೊಂಡರೆ ಸುಮಾರು 150 ಮೀಟರ್ ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ. 52 ಕಿ.ಮೀ. ತಪ್ಪು ದಾರಿಯಲ್ಲೇ ಗೊತ್ತಾಗುತ್ತದೆ, ಈ 150 ಮೀಟರ್ ಗೊತ್ತಾಗಲ್ಲ, 'ಕಲ್ಲನ್ನು ಯಾರೋ ಹೊತ್ತುಕೊಂಡು ಹೋಗಿದಾರೆ' ಅಂತ ಬೈಕೊಂಡು ವಾಪಸ್ ಬರುತ್ತೀರಿ.

ಉಲ್ಟಾ ಲೆಕ್ಕವೂ ಒಮ್ಮೆ ಬೇಕಾಯಿತು. ಕಲ್ಲಿನ ಬಗ್ಗೆ ಒಂದು ಕಚೇರಿಗೆ ಅರ್ಜಿ ಬರೆಯುವಾಗ ಡಿಗ್ರಿ ನಿಮಿಷ ಸೆಕೆಂಡಿನಲ್ಲೇ ಕೊಡಿ ಅಂದರು. ಚುಕ್ಕಿಯ ಎಡಗಡೆಯ 13 ಡಿಗ್ರಿ. ಉಳಿದ 0.685333ನ್ನು 60ರಿಂದ ಗುಣಿಸಿದರೆ 41.12, ಅದರಲ್ಲಿ 41 ನಿಮಿಷ. ಉಳಿದ 0.12ನ್ನು ಮತ್ತೆ 60ರಿಂದ ಗುಣಿಸಿದರೆ 7.2 ಸೆಕೆಂಡು. ಇಲ್ಲೊಂದು ಸಣ್ಣ ಕೊಕ್ಕೆ. 76.983333 ಅನ್ನೋದನ್ನು ಹೀಗೇ ಮಾಡಿದರೆ 58 ನಿಮಿಷ 59.9988 ಸೆಕೆಂಡು ಬರುತ್ತದೆ. ಅದನ್ನು ಒಂದು ಸ್ಥಾನಕ್ಕೆ ಇಳಿಸಿದರೆ 58 ನಿಮಿಷ 60.0 ಸೆಕೆಂಡು ಆಗಿಬಿಡುತ್ತದೆ, ಅಂಥದ್ದೊಂದು ಇರಲ್ಲ. 59 ನಿಮಿಷ 00.0 ಸೆಕೆಂಡು ಅಂತ ಬರೆಯಬೇಕು.

ಚುಕ್ಕಿ ಆದ ಮೇಲೆ ಐದು ಅಂಕಿ ಸಾಕು. ಐದನೇ ಅಂಕಿ ಒಂದು ಬದಲಾದರೆ ನೆಲದ ಮೇಲೆ ಸುಮಾರು ಒಂದು ಮೀಟರ್ ಅಷ್ಟೇ. ಕ್ಯಾಲ್ಕುಲೇಟರ್ ಹನ್ನೆರಡು ಅಂಕಿ ಕೊಟ್ಟರೂ ಕಲ್ಲು ಅದರಿಂದ ಹತ್ತಿರ ಆಗಲ್ಲ. ಮೂಲದಲ್ಲಿ ಸೆಕೆಂಡಿಗೆ ಚುಕ್ಕಿಯೇ ಇಲ್ಲದಿದ್ದರೆ, ಅಂದರೆ ಬರೀ 07" ಅಂತಿದ್ದರೆ, ಒಂದು ಸೆಕೆಂಡು ಅಂದರೇನೇ 30 ಮೀಟರ್, ಆ ಅಂದಾಜಿನಲ್ಲಿ ಸುತ್ತಲೂ ಹುಡುಕಬೇಕು.

ಮುಂದಿನ ಭಾನುವಾರ ಮತ್ತೆ ಹೊರಟೆವು. ಈ ಸಲ ಹೊರಡೋ ಮೊದಲು ಮ್ಯಾಪನ್ನು ಉಪಗ್ರಹ ಚಿತ್ರಕ್ಕೆ ಬದಲಾಯಿಸಿ, ಗುರುತು ಬಿದ್ದಿರೋದು ಶಿರಾ ತಾಲ್ಲೂಕಿನಲ್ಲೇನಾ, ಪಕ್ಕದಲ್ಲಿ ಕೆರೆ ಏರಿ ಕಾಣುತ್ತಾ ಅಂತ ನೋಡಿಕೊಂಡೆ. ಗೆಳೆಯ ಬೈಕ್ ಹತ್ತುವ ಮುಂಚೆ ಫೋನ್ ಇಸ್ಕೊಂಡು ತಾನೂ ಒಂದು ಸಲ ನೋಡಿದ. ಗುರುತಿನಿಂದ ಇಪ್ಪತ್ತು ಹೆಜ್ಜೆ ಆಚೆ, ಹೊಂಗೆ ಮರದ ಬುಡದಲ್ಲಿ ಸೊಂಟದ ತನಕ ಹೂತುಕೊಂಡು ನಿಂತಿತ್ತು.