ಪಿನ್ನು ಗಟ್ಟಿ ಇತ್ತು, ತೂತು ಅಗಲವಾಗಿತ್ತು

ಪುಣೆಯ ಭೋಸರಿಯಲ್ಲಿ ನಮ್ಮ ಊರ ಕಡೆಯವರ ಒಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಅಲ್ಲಿನ ಟಿಪ್ಪಿಂಗ್ ಟೇಬಲ್ಲಿನ ಸಿಲಿಂಡರ್ ಜಾಯಿಂಟು ಕಟಕಟ ಅನ್ನುತ್ತಿತ್ತು. "ಪಿನ್ನು ಸಣ್ಣದಾಯ್ತು ಅಣ್ಣಾ, ದಪ್ಪ ಹಾಕೋಣ" ಅಂದ ಫಿಟ್ಟರ್.

ಪಿನ್ ಹೊರಗೆ ತೆಗೆದೆ. ಶಿಯರ್‌ನಲ್ಲಿ, ಅಂದರೆ ಅಡ್ಡಕ್ಕೆ ಕತ್ತರಿಸುವ ಬಲಕ್ಕೆ, ಸೋತಿದ್ದರೆ ಪಿನ್ನಿನ ಮೇಲೆ ಮೆಟ್ಟಿಲಿನಂಥ ಗುರುತು ಇರಬೇಕಿತ್ತು. ಇರಲಿಲ್ಲ. ಆದರೆ ಫೋರ್ಕಿನ ಎರಡು ಕೆನ್ನೆಗಳ ನಡುವೆ ಕೂರುವ ಕಣ್ಣಿನ ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು.

ಲೆಕ್ಕವೂ ಅದನ್ನೇ ಹೇಳಿತು. ಬಲ F 40 ಕಿಲೋನ್ಯೂಟನ್, ಪಿನ್ನಿನ ವ್ಯಾಸ d 20 ಮಿಮೀ, ಕಣ್ಣಿನ ದಪ್ಪ t 16 ಮಿಮೀ. ಫೋರ್ಕಿನ ಎರಡು ಕೆನ್ನೆಗಳ ಪಕ್ಕ ಎರಡು ಕಡೆ ಕತ್ತರಿಸಬೇಕಲ್ವಾ, ಹಾಗಾಗಿ ಶಿಯರ್‌ಗೆ ಎರಡು ಪಟ್ಟು ಜಾಗ ಸಿಗುತ್ತದೆ. ಬೇರಿಂಗ್ ಅಂದರೆ ಪಿನ್ನು ತೂತಿನ ಗೋಡೆಯನ್ನು ಒತ್ತುವ ಒತ್ತಡ:

```
ಶಿಯರ್ = 2F/(πd²) = 64 N/mm²
ಬೇರಿಂಗ್ = F/(d·t) = 40000/(20×16) = 125 N/mm²
```

ಈ ಉಕ್ಕಿಗೆ ಶಿಯರ್ 80ರವರೆಗೆ ಇಟ್ಟುಕೊಂಡಿದ್ದೆ, ಪಾಸು. ಬೇರಿಂಗ್ ಬೇರೆ ಕಥೆ. ತಿರುಗುವ ಜಾಯಿಂಟಿಗೆ ನಾನು 70 ದಾಟಲು ಬಿಡುವುದಿಲ್ಲ, ಉಜ್ಜಿ ಉಜ್ಜಿ ಸವೆಯುತ್ತದೆ.

ಸುಮ್ನೆ ಪಿನ್ ದಪ್ಪ ಮಾಡಿದರೆ? ಬೇರಿಂಗ್ ವ್ಯಾಸಕ್ಕೆ ತಕ್ಕಷ್ಟೇ ಇಳಿಯುತ್ತದೆ, ಶಿಯರ್ ವ್ಯಾಸದ ವರ್ಗಕ್ಕೆ ತಕ್ಕಂತೆ. 16 ಮಿಮೀ ಕಣ್ಣಿಗೆ 36ರ ಪಿನ್ ಬೇಕಾಗುತ್ತಿತ್ತು, ಅದಕ್ಕೆ ಕಣ್ಣಿನಲ್ಲಿ ಜಾಗವೇ ಇಲ್ಲ. ಫೋರ್ಕಿನ ಗ್ಯಾಪ್ ಮಾತ್ರ 28 ಮಿಮೀ ಇತ್ತು. ಹಾಗಾಗಿ ಕಣ್ಣಿನ ಎರಡೂ ಬದಿಗೆ 5 ಮಿಮೀ ಉಂಗುರ ವೆಲ್ಡ್ ಮಾಡಿ 26ಕ್ಕೆ ತಂದೆವು. ಆಮೇಲೆ 25ರ ಪಿನ್ನಿಗೆ ತೂತು ಬೋರ್ ಮಾಡಿಸಿದೆ. ಈಗ ಬೇರಿಂಗ್ 62, ಶಿಯರ್ 41. ಗ್ಯಾಪ್ ತುಂಬಿದ್ದರಿಂದ ಪಿನ್ನಿನ ಬಾಗುವಿಕೆಯೂ ತಗ್ಗಿತು.

ಕೆನ್ನೆಗಳು ತಲಾ 10 ಮಿಮೀ. ಅಲ್ಲಿ ಬೇರಿಂಗ್ 80 ಬರುತ್ತದೆ. ಕೀಪರ್ ಪ್ಲೇಟ್ ಹಾಕಿ ಪಿನ್ ತಿರುಗದಂತೆ ಹಿಡಿದಿದ್ದೇನೆ, ಅಲ್ಲಿ ಉಜ್ಜಾಟವಿಲ್ಲ, ನಡೆಯುತ್ತದೆ. ಗ್ರೀಸ್ ದಾರಿ ಪಿನ್ನಿನೊಳಗಿಂದಲೇ ಕಣ್ಣಿಗೆ ಕೊಟ್ಟಿದ್ದೇವೆ.