ಗೋಡೆಯ ಪ್ರತಿಧ್ವನಿಯ ಪಕ್ಕದಲ್ಲಿ ಮರೆಯಾದ ಪೈಪ್

ಮಲ್ಪೆಯಲ್ಲಿ ಬೋಟುಗಳಿಗೆ ರೇಡಾರ್ ಕೂರಿಸುವ ಗೆಳೆಯನಿಗೆ ಒಂದು ಪ್ರಶ್ನೆ ಇತ್ತು. ಸಾಲಿಡ್ ಸ್ಟೇಟ್ ರೇಡಾರ್‌ಗೆ ಮ್ಯಾಗ್ನೆಟ್ರಾನಿನಷ್ಟು ಪವರ್ ಇಲ್ಲ. ಹಾಗಾಗಿ ಅದು ಉದ್ದದ ಪಲ್ಸ್ ಕಳಿಸುತ್ತದೆ. ಹಾಗಿದ್ದೂ ಹತ್ತಿರದ ಎರಡು ಬೋಟುಗಳನ್ನು ಬೇರೆ ಬೇರೆಯಾಗಿ ಹೇಗೆ ತೋರಿಸುತ್ತದೆ? ಉತ್ತರ ಚಿರ್ಪ್‌ನಲ್ಲಿದೆ, ಅಂದರೆ ಫ್ರೀಕ್ವೆನ್ಸಿ ಏರುತ್ತಾ ಹೋಗುವ ಪಲ್ಸ್‌ನಲ್ಲಿ. ಅದನ್ನು ಅವನಿಗೆ ಶಬ್ದದಲ್ಲೇ ಮಾಡಿ ತೋರಿಸಿದೆ.

ನಮ್ಮ ಉಡುಪಿ ಮನೆಯ ಕೆಂಪುಕಲ್ಲಿನ ಕಾಂಪೌಂಡ್ ಗೋಡೆಯ ಎದುರು ಸ್ಪೀಕರ್, ಮೈಕ್ ಇಟ್ಟೆ. ಗೋಡೆಗೆ 20 ಸೆಂ.ಮೀ. ಈಚೆ ಒಂದು ಕಬ್ಬಿಣದ ಪೈಪ್ ನಿಲ್ಲಿಸಿದೆ. ಕಳಿಸಿದ್ದು 50 ಮಿಲಿಸೆಕೆಂಡಿನಲ್ಲಿ 2ರಿಂದ 6 ಕಿಲೋಹರ್ಟ್ಸ್‌ಗೆ ಒಂದೇ ವೇಗದಲ್ಲಿ ಏರುವ ದನಿ. ಈ ಪಲ್ಸ್ ಗಾಳಿಯಲ್ಲಿ ಸುಮಾರು 17 ಮೀಟರ್ ಉದ್ದ ಇರುತ್ತದೆ. ಹಾಗಾಗಿ ರೆಕಾರ್ಡಿಂಗ್‌ನಲ್ಲಿ ಪೈಪ್, ಗೋಡೆ ಎರಡೂ ಒಂದರ ಮೇಲೊಂದು ಬಿದ್ದಿರುತ್ತವೆ.

ಕಳಿಸಿದ ಚಿರ್ಪ್ ಜೊತೆಗೇ ರೆಕಾರ್ಡಿಂಗನ್ನು ಕೋರಿಲೇಟ್ ಮಾಡಿದರೆ, ಅಂದರೆ ಚಿರ್ಪನ್ನು ಅದರ ಮೇಲೆ ಸರಿಸುತ್ತಾ ಎಲ್ಲಿ ಎಷ್ಟು ಹೊಂದುತ್ತದೆ ಅಂತ ನೋಡಿದರೆ, ಪಲ್ಸ್ ಕುಗ್ಗುತ್ತದೆ. ಕುಗ್ಗಿದ ಮೇಲೆ ಅದರ ಅಗಲವನ್ನು ಪಲ್ಸ್ ಉದ್ದ ನಿರ್ಧರಿಸುವುದಿಲ್ಲ, ಬ್ಯಾಂಡ್‌ವಿಡ್ತ್ ನಿರ್ಧರಿಸುತ್ತದೆ. 4 ಕಿಲೋಹರ್ಟ್ಸ್‌ಗೆ ಅದು ಸುಮಾರು 4.4 ಸೆಂ.ಮೀ. ಅಂದರೆ ಪೈಪ್ ಸುಲಭವಾಗಿ ಕಾಣಬೇಕು ಅಲ್ವಾ? ಕಾಣಲಿಲ್ಲ. ಗೋಡೆಯ ಶಿಖರದ ಎರಡೂ ಬದಿಗೆ ಸಣ್ಣ ಸಣ್ಣ ಗುಡ್ಡಗಳ ಸಾಲೇ ಇತ್ತು.

ಕಾರಣ ಸ್ಪೆಕ್ಟ್ರಮ್‌ನಲ್ಲಿದೆ. ಚಿರ್ಪ್ ಎಲ್ಲ ಫ್ರೀಕ್ವೆನ್ಸಿಗಳ ಮೇಲೂ ಸಮನಾದ ಹೊತ್ತು ಕಳೆಯುತ್ತದೆ. ಅದರಿಂದ ಸ್ಪೆಕ್ಟ್ರಮ್ 2ರಿಂದ 6ರವರೆಗೆ ಹೆಚ್ಚುಕಡಿಮೆ ಚಪ್ಪಟೆ, ಅಂಚಿನಲ್ಲಿ ಒಂದಿಷ್ಟು ಏರಿಳಿತ, ಆಮೇಲೆ ಥಟ್ಟನೆ ಕುಸಿತ. ಈ ಕಡಿದಾದ ಅಂಚೇ ಆ ಗುಡ್ಡಗಳನ್ನು, ಅಂದರೆ ಸೈಡ್‌ಲೋಬ್‌ಗಳನ್ನು ಹುಟ್ಟಿಸುತ್ತದೆ. ಮೊದಲನೆಯದು ಶಿಖರಕ್ಕಿಂತ ಬರೀ 13 ಡೆಸಿಬೆಲ್ ಕೆಳಗೆ. 20 ಸೆಂ.ಮೀ. ದೂರದಲ್ಲೂ 23ರ ಆಸುಪಾಸು. ತೆಳ್ಳಗಿನ ಪೈಪಿನ ಪ್ರತಿಧ್ವನಿ ಅದರಲ್ಲೇ ಮುಳುಗುತ್ತದೆ.

ಅಂಚನ್ನು ಮೆತ್ತಗೆ ಮಾಡಲು ಕೋರಿಲೇಟ್ ಮಾಡುವ ಪ್ರತಿಗೆ ಹ್ಯಾಮಿಂಗ್ ವಿಂಡೋ ಹಾಕಿದೆ, ಅಂದರೆ ಅದರ ಎರಡೂ ತುದಿಗಳನ್ನು ನಿಧಾನವಾಗಿ ತಗ್ಗಿಸಿದೆ. ಲೀನಿಯರ್ ಚಿರ್ಪ್‌ನಲ್ಲಿ ಪ್ರತಿ ಕ್ಷಣಕ್ಕೂ ಒಂದು ಫ್ರೀಕ್ವೆನ್ಸಿ ಇರುವುದರಿಂದ ಸಮಯದಲ್ಲಿ ಹಾಕಿದ ವಿಂಡೋ ಸ್ಪೆಕ್ಟ್ರಮ್‌ಗೂ ಹಾಗೇ ಬೀಳುತ್ತದೆ.

```python
import numpy as np
from scipy.signal import hilbert

t = np.arange(0, 0.05, 1/48000)
s = np.sin(2*np.pi*(2000*t + 40000*t**2))
y = np.correlate(rec, s*np.hamming(len(s)), 'valid')
env = np.abs(hilbert(y))
```

ಸೈಡ್‌ಲೋಬ್‌ಗಳು ತೀರಾ ಕೆಳಗಿಳಿದವು, ಗೋಡೆಯ ಮುಂದೆ ಪೈಪ್ ಎದ್ದು ಕಂಡಿತು. ಲೆಕ್ಕದ ಪ್ರಕಾರ ಹ್ಯಾಮಿಂಗ್ ಅವನ್ನು 40 ಡೆಸಿಬೆಲ್‌ಗಿಂತ ಕೆಳಗಿಳಿಸಬೇಕು. ಆದರೆ ಸ್ಪೀಕರ್ ಎಲ್ಲ ಫ್ರೀಕ್ವೆನ್ಸಿಗಳನ್ನೂ ಸಮನಾಗಿ ನುಡಿಸುವುದಿಲ್ಲ, ಅಷ್ಟು ಪೂರ್ತಿ ಸಿಗುವುದಿಲ್ಲ. ಶಿಖರವೂ ಸುಮಾರು ಒಂದೂವರೆ ಪಟ್ಟು ಅಗಲವಾಗುತ್ತದೆ. ಈ ಬೆಲೆ ಕೊಡಲೇಬೇಕು. ಅಕ್ಕಪಕ್ಕದಲ್ಲಿ ದೊಡ್ಡದೊಂದು, ಚಿಕ್ಕದೊಂದು ಇರುವಾಗ ಕೊಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಸಮುದ್ರದಲ್ಲೂ ಹಡಗಿನ ಪಕ್ಕ ಸಣ್ಣ ದೋಣಿ ಇರುತ್ತದಲ್ಲ.

ಕಂಡದ್ದು ನಿಜವಾದ ಪೈಪೋ, ಸೈಡ್‌ಲೋಬೋ ಅನ್ನುವ ಅನುಮಾನ ಬಂದರೆ ಬ್ಯಾಂಡ್‌ವಿಡ್ತನ್ನು 3 ಕಿಲೋಹರ್ಟ್ಸ್‌ಗೆ ಇಳಿಸಿ ಮತ್ತೆ ಕಳಿಸಿ. ಸೈಡ್‌ಲೋಬ್‌ಗಳ ನಡುವಿನ ಅಂತರ 4.4ರಿಂದ 5.8 ಸೆಂ.ಮೀ.ಗೆ ಹಿಗ್ಗುತ್ತದೆ. ಪೈಪಿನ ಶಿಖರ ಇದ್ದಲ್ಲೇ ಇರುತ್ತದೆ.