ಒಬ್ಬ ಗ್ರಾಹಕನಿಂದಲೇ 72 ಪಾಲು: ಒಂದು ಯಂತ್ರವನ್ನು ಬಿಡಿಸಿಕೊಂಡ ಮೂರು ವರ್ಷಗಳು

ನಮ್ಮದು ಆರು ಸಿಎನ್‌ಸಿ ಲೇತ್‌ಗಳಿರುವ ಸಣ್ಣ ಘಟಕ. ಬುಷ್, ಪಿನ್, ಸ್ಪೇಸರ್, ಹೈಡ್ರಾಲಿಕ್ ಫಿಟ್ಟಿಂಗ್‌ಗಳಂಥ ಬಿಡಿಭಾಗಗಳನ್ನು ಮಾಡಿಕೊಡುತ್ತೇವೆ. ಮೂರು ವರ್ಷಗಳ ಹಿಂದೆ ನಮ್ಮ ವಹಿವಾಟು ನೂರು ಎಂದುಕೊಂಡರೆ ಅದರಲ್ಲಿ 72 ಪಾಲು ಒಬ್ಬನೇ ಗ್ರಾಹಕನಿಂದ ಬರುತ್ತಿತ್ತು. ಇದು ಅಪಾಯವೆಂದು ಗೊತ್ತಿದ್ದರೂ ಏನೂ ಮಾಡಿರಲಿಲ್ಲ. ಒಮ್ಮೆ ಅವರ ಶೆಡ್ಯೂಲ್ ಯಾವ ಮುನ್ಸೂಚನೆಯೂ ಇಲ್ಲದೆ ಏಳು ವಾರ ಅರ್ಧಕ್ಕಿಳಿದಾಗ, ಅವರಿಗಾಗಿ ತಂದಿಟ್ಟ ಉಕ್ಕಿನ ಸರಳುಗಳು ಹಾಗೆಯೇ ಬಿದ್ದಿದ್ದವು, ಅವರಿಂದ ಬರಬೇಕಾದ ಹಣಕ್ಕೆ 90 ದಿನಗಳ ವಾಯಿದೆಯಿತ್ತು, ಸಂಬಳದ ದಿನ ಮಾತ್ರ ಮುಂದಕ್ಕೆ ಹೋಗಲಿಲ್ಲ. ಆಗ ಕುಳಿತು ಲೆಕ್ಕ ಹಾಕಿದೆ.

ಮೊದಲು ತಿಳಿದದ್ದು, ವಹಿವಾಟಿನ ಪಾಲು ಮಾತ್ರ ನೋಡಿದರೆ ಅವಲಂಬನೆ ಎಲ್ಲಿದೆಯೆಂದು ಕಾಣುವುದಿಲ್ಲ ಎಂಬುದು. ಆ 72ರಲ್ಲಿ ಕಚ್ಚಾ ಮಾಲು, ಹೊರಗೆ ಮಾಡಿಸುವ ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್, ಸವೆಯುವ ಇನ್ಸರ್ಟ್‌ಗಳು, ಸಾಗಣೆ ಇವೆಲ್ಲವನ್ನು ಕಳೆದರೆ ನಮ್ಮ ಕೈಗೆ ಉಳಿಯುತ್ತಿದ್ದುದು 16. ಉಳಿದ ಸಣ್ಣ ಗ್ರಾಹಕರೆಲ್ಲ ಸೇರಿ ಕೊಡುತ್ತಿದ್ದ 28ರಲ್ಲಿ ಅದೇ ರೀತಿ ಕಳೆದರೆ 12 ಉಳಿಯುತ್ತಿತ್ತು. ಬಾಡಿಗೆ, ಸಂಬಳ, ಸಾಲದ ಕಂತು ಮುಂತಾದ ಸ್ಥಿರ ವೆಚ್ಚ 22. ಅಂದರೆ ದೊಡ್ಡ ಗ್ರಾಹಕ ಅರ್ಧಕ್ಕಿಳಿದರೆ ನಾವು ನಷ್ಟಕ್ಕೆ ಬೀಳುತ್ತಿದ್ದೆವು. ಪೂರ್ತಿ ನಿಂತರೆ ಸ್ಥಿರ ವೆಚ್ಚದ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ತುಂಬಲು ಆಗುತ್ತಿತ್ತು.

ಇನ್ನೊಂದು ಲೆಕ್ಕ ನನಗೆ ಹೆಚ್ಚು ಬೆಳಕು ಕೊಟ್ಟಿತು. ಒಂದು ಭಾಗದಿಂದ ಇನ್ನೊಂದಕ್ಕೆ ಯಂತ್ರವನ್ನು ಸಜ್ಜುಗೊಳಿಸುವ ಸೆಟ್ಟಿಂಗ್ ಸಮಯವನ್ನೂ ಸೇರಿಸಿ ನೋಡಿದಾಗ ನಮ್ಮ ಯಂತ್ರಗಳ ಗಂಟೆಗಳಲ್ಲಿ ಶೇ 78 ಅವರ ಕೆಲಸಕ್ಕೆ ಹೋಗುತ್ತಿತ್ತು. ಒಂದು ಯಂತ್ರ ಒಂದು ಗಂಟೆ ಓಡಿದಾಗ ನಮಗೆ ಉಳಿಯುವ ಮೊತ್ತವನ್ನು ಹೋಲಿಸಿದರೆ, ಸಣ್ಣ ಗ್ರಾಹಕರ ಕೆಲಸ ಎರಡೂವರೆ ಪಟ್ಟಿಗಿಂತ ಹೆಚ್ಚು ಕೊಡುತ್ತಿತ್ತು. ಹೊಸ ಗ್ರಾಹಕರನ್ನು ಹುಡುಕುವ ಮೊದಲು ಅವರಿಗೆ ಕೊಡಲು ಗಂಟೆಗಳು ಇರಬೇಕು. ಆ ಗಂಟೆಗಳು ಬಿಡುವು ಸಿಕ್ಕಾಗ ಮಾತ್ರ ಸಿಗುವಂತಿದ್ದರೆ ಹೊಸಬರು ನಿಲ್ಲುವುದಿಲ್ಲ. ಹಾಗಾಗಿ ಒಂದು ಯಂತ್ರವನ್ನು ದೊಡ್ಡ ಗ್ರಾಹಕನ ಕೆಲಸದಿಂದ ಪೂರ್ತಿಯಾಗಿ ಬಿಡಿಸುವುದೆಂದು ನಿರ್ಧರಿಸಿದೆ.

ಬಿಡಿಸುವುದು ಹೇಗೆ? ಅವರಿಗೆ ಮಾಡುತ್ತಿದ್ದ ಭಾಗಗಳನ್ನು ಗಂಟೆಗೆ ಉಳಿಯುವ ಮೊತ್ತದ ಕ್ರಮದಲ್ಲಿ ಬರೆದು ಕೆಳಗಿನ ಎರಡನ್ನು ಆರಿಸಿದೆ. ಎರಡೂ ಉದ್ದನೆಯ ಬುಷ್‌ಗಳು. ಒಳವ್ಯಾಸದ ಅಳತೆ ಬಿಗಿಯಾದುದರಿಂದ ಯಂತ್ರದ ಸಮಯ ಹೆಚ್ಚು ತಿನ್ನುತ್ತಿದ್ದವು. ಅವುಗಳ ಖರ್ಚಿನ ಲೆಕ್ಕವನ್ನು ತೆರೆದಿಟ್ಟು ಹೊಸ ದರ ಕೇಳಿದೆ. ದರ ಒಪ್ಪಿಗೆಯಾಗದಿದ್ದರೆ ಬೇರೆ ಸರಬರಾಜುದಾರರನ್ನು ಸಿದ್ಧಪಡಿಸಿಕೊಳ್ಳಲು ಆರು ತಿಂಗಳು ಹಳೆಯ ದರದಲ್ಲೇ ಪೂರೈಸುವುದಾಗಿ ಪತ್ರದಲ್ಲಿ ತಿಳಿಸಿದೆ. ಅವರು ಎರಡನ್ನೂ ಬೇರೆ ಕಡೆಗೆ ಸಾಗಿಸಿದರು. ಆ ಆರು ತಿಂಗಳಲ್ಲಿ ಒಂದು ದಿನವೂ ಪೂರೈಕೆ ತಪ್ಪದಂತೆ ನೋಡಿಕೊಂಡೆವು. ಉಳಿದ ಭಾಗಗಳ ಆರ್ಡರ್ ನಮ್ಮಲ್ಲೇ ಉಳಿದದ್ದಕ್ಕೆ ಅದೇ ಕಾರಣವೆಂದು ನನ್ನ ನಂಬಿಕೆ. ದೊಡ್ಡ ಗ್ರಾಹಕನ ಮೇಲಿನ ಅವಲಂಬನೆ ಕಡಿಮೆ ಮಾಡಲು ಹೊರಟವರು ಅವನಿಗೆ ಕೊಡುವ ಗುಣಮಟ್ಟವನ್ನು ಸಡಿಲಿಸಿದರೆ ಏಣಿ ಹತ್ತುತ್ತಿರುವಾಗಲೇ ಅದನ್ನು ಒದ್ದಂತಾಗುತ್ತದೆ.

ಬಿಡುವಾದ ಯಂತ್ರವೇನೋ ಸಿಕ್ಕಿತು, ಆದರೆ ಹೊಸ ಕೆಲಸದ ಸ್ವರೂಪವೇ ಬೇರೆ. ದೊಡ್ಡ ಗ್ರಾಹಕನ ಲಾಟ್ 5,000 ತುಂಡುಗಳದ್ದಾದರೆ ಹೊಸಬರದ್ದು 150, 200. ಒಂದು ಭಾಗದಿಂದ ಇನ್ನೊಂದಕ್ಕೆ ಬದಲಿಸಲು ನಮಗೆ ಸುಮಾರು ಮೂರು ಗಂಟೆ ಬೇಕಾಗುತ್ತಿತ್ತು. 5,000 ತುಂಡುಗಳ ನಡುವೆ ಅದು ಕಾಣಿಸುತ್ತಿರಲಿಲ್ಲ. 150 ತುಂಡುಗಳಲ್ಲಿ ಲಾಭವನ್ನೆಲ್ಲ ಅದೇ ನುಂಗಿತು. ಹೀಗಾಗಿ ಮೊದಲ ನಾಲ್ಕು ತಿಂಗಳು ನಾವು ಕೆಲಸ ಹಿಡಿಯುವುದಕ್ಕಿಂತ ಸೆಟ್ಟಿಂಗ್ ಸಮಯ ಇಳಿಸುವುದಕ್ಕೆ ಹೆಚ್ಚು ಶ್ರಮಪಟ್ಟೆವು. ಸಾಮಾನ್ಯವಾಗಿ ಬೇಕಾಗುವ ಎಂಟು ಟೂಲ್‌ಗಳಿಗೆ ಟರೆಟ್‌ನಲ್ಲಿ ಖಾಯಂ ಸ್ಥಾನ ಗೊತ್ತುಮಾಡಿ, ಪ್ರತಿ ಪ್ರೋಗ್ರಾಮನ್ನೂ ಅದಕ್ಕೆ ಹೊಂದುವಂತೆ ತಿದ್ದಿದೆವು. ತುಂಡನ್ನು ಹಿಡಿಯುವ ‘ಸಾಫ್ಟ್ ಜಾ’ಗಳನ್ನು ವ್ಯಾಸಕ್ಕೆ ತಕ್ಕಂತೆ ಕೊರೆದು ಜೋಡಿಜೋಡಿಯಾಗಿ ಗುರುತು ಹಾಕಿ ಇಟ್ಟೆವು. ಮುಂದಿನ ಲಾಟ್‌ನ ಕಚ್ಚಾ ಮಾಲು, ನಕ್ಷೆ ಮತ್ತು ಗೇಜ್ ಹಿಂದಿನ ಲಾಟ್ ಓಡುತ್ತಿರುವಾಗಲೇ ಯಂತ್ರದ ಪಕ್ಕ ಬರಬೇಕೆಂದು ನಿಯಮ ಮಾಡಿದೆವು. ಮೂರು ಗಂಟೆ ಐವತ್ತು ನಿಮಿಷಕ್ಕೆ ಇಳಿಯಿತು. ಇದರಲ್ಲಿ ಹೆಚ್ಚಿನ ಪಾಲು ಹೊಸ ಉಪಕರಣದಿಂದ ಬಂದದ್ದಲ್ಲ, ಹುಡುಕಾಟ ತಪ್ಪಿದ್ದರಿಂದ ಬಂದದ್ದು.

ಹೊಸ ಗ್ರಾಹಕರ ಆಯ್ಕೆಯಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಪರಿಚಯದ ದಾರಿಯಲ್ಲಿ ಬೇಗ ಸಿಕ್ಕ ಎರಡು ಕಂಪನಿಗಳಿಗೆ ಕೆಲಸ ಆರಂಭಿಸಿದೆವು. ಪಾಲು 72ರಿಂದ 63ಕ್ಕಿಳಿಯಿತು, ನನಗೂ ನೆಮ್ಮದಿಯಾಯಿತು. ಒಂದು ದಿನ ದೊಡ್ಡ ಗ್ರಾಹಕನ ಶೆಡ್ಯೂಲ್ ಕುಸಿದ ವಾರದಲ್ಲೇ ಈ ಇಬ್ಬರದ್ದೂ ಕುಸಿಯಿತು. ವಿಚಾರಿಸಿದಾಗ, ಮೂವರೂ ತಮ್ಮ ಜೋಡಣೆಗಳನ್ನು ಕೊನೆಗೆ ಒಂದೇ ವಾಹನ ತಯಾರಕರಿಗೆ ಕಳಿಸುತ್ತಿದ್ದರೆಂದು ತಿಳಿಯಿತು. ಬಿಲ್ಲಿನ ಮೇಲೆ ಮೂರು ಹೆಸರುಗಳಿದ್ದರೂ ಬೇಡಿಕೆಯ ಮೂಲ ಒಂದೇ ಆಗಿತ್ತು. ಅಂದಿನಿಂದ ಪ್ರತಿ ವಿಚಾರಣೆಗೆ ದರ ಕೊಡುವ ಮೊದಲು ಈ ಭಾಗ ಕೊನೆಗೆ ಯಾವ ಯಂತ್ರದಲ್ಲಿ ಕೂರುತ್ತದೆ ಎಂದು ಕೇಳುತ್ತೇನೆ. ಸಾಧಾರಣವಾಗಿ ಎಲ್ಲರೂ ಹೇಳುತ್ತಾರೆ. ಆಮೇಲೆ ನಾವು ಹುಡುಕಿದ್ದು ಪಂಪ್‌ಗಳ ಬದಲಿ ಭಾಗ ಮಾರುವವರನ್ನು ಮತ್ತು ಆಹಾರ ಸಂಸ್ಕರಣೆಯ ಯಂತ್ರ ಕಟ್ಟುವವರನ್ನು. ಹೊಸ ಯಂತ್ರಗಳ ಮಾರಾಟ ತಗ್ಗಿದಾಗಲೂ ಹಳೆಯವು ಸವೆಯುತ್ತವೆ. ಬದಲಿ ಭಾಗಗಳ ಬೇಡಿಕೆ ಅಷ್ಟಾಗಿ ಬೀಳುವುದಿಲ್ಲ.

ಇಲ್ಲಿ ಕಾಲದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ವಿಚಾರಣೆ, ದರಪಟ್ಟಿ, ಸ್ಯಾಂಪಲ್, ಅಳತೆಯ ವರದಿ, ಅವರ ಜೋಡಣೆಯಲ್ಲಿ ಪರೀಕ್ಷೆ, ಒಂದು ಸಣ್ಣ ಪ್ರಯೋಗದ ಲಾಟ್, ಆಮೇಲೆ ನಿಯಮಿತ ಆರ್ಡರ್. ನಮ್ಮಲ್ಲಿ ಇದಕ್ಕೆ ಸರಾಸರಿ ಎಂಟು ತಿಂಗಳು ಹಿಡಿಯಿತು. ದೊಡ್ಡ ಗ್ರಾಹಕ ಕೈಬಿಟ್ಟ ಮೇಲೆ ಆರಂಭಿಸಿದ್ದರೆ ಆ ಎಂಟು ತಿಂಗಳನ್ನು ದಾಟುವ ಹಣ ನಮ್ಮಲ್ಲಿರಲಿಲ್ಲ.

ಎರಡನೆಯ ವರ್ಷ ದೊಡ್ಡ ಗ್ರಾಹಕನಿಂದ ತುರ್ತು ಆರ್ಡರ್ ಬಂತು. ಬಿಡಿಸಿಟ್ಟ ಆ ಯಂತ್ರವನ್ನು ಹತ್ತು ದಿನಕ್ಕೆಂದು ಅದಕ್ಕೆ ಕೊಟ್ಟೆ. ಪಂಪ್ ಭಾಗಗಳು ಎರಡು ವಾರ ತಡವಾದವು, ಆ ಗ್ರಾಹಕರು ಮುಂದಿನ ಮೂರು ತಿಂಗಳು ನಮಗೆ ಹೊಸ ನಕ್ಷೆ ಕಳಿಸಲಿಲ್ಲ. ಈಗ ಆ ಯಂತ್ರದ ವಾರದ ಯೋಜನೆಯನ್ನು ಬದಲಿಸುವ ಅಧಿಕಾರ ನನಗೂ ಇಲ್ಲ; ಅದು ಉತ್ಪಾದನೆಯ ಮೇಲ್ವಿಚಾರಕರದ್ದು.

ಪ್ರಗತಿಯನ್ನು ಅಳೆಯುವಾಗಲೂ ಎಚ್ಚರ ಬೇಕಾಯಿತು. ಒಂದು ತ್ರೈಮಾಸಿಕದಲ್ಲಿ ದೊಡ್ಡ ಗ್ರಾಹಕನ ಪಾಲು ಒಮ್ಮೆಲೇ ಇಳಿದದ್ದು ಕಂಡು ಸಂತೋಷಪಡುವಷ್ಟರಲ್ಲಿ, ಅದು ಅವರ ಆರ್ಡರ್ ಕಡಿಮೆಯಾದ ಪರಿಣಾಮ ಮಾತ್ರವೆಂದು ಗೊತ್ತಾಯಿತು. ಆದ್ದರಿಂದ ಪಾಲಿನ ಬದಲು, ಉಳಿದವರೆಲ್ಲರಿಂದ ಕೈಗುಳಿಯುವ ಮೊತ್ತ ಸ್ಥಿರ ವೆಚ್ಚದ ಎಷ್ಟು ಭಾಗವನ್ನು ತುಂಬುತ್ತದೆ ಎಂಬುದನ್ನು ಪ್ರತಿ ತಿಂಗಳು ನೋಡತೊಡಗಿದೆ. ಆರಂಭದ ಅಳತೆಯಲ್ಲೇ ಹೇಳುವುದಾದರೆ, ಮೂರು ವರ್ಷಗಳಲ್ಲಿ ದೊಡ್ಡ ಗ್ರಾಹಕ 72ರಿಂದ 58ಕ್ಕೆ ಬಂದರು, ಉಳಿದವರು 28ರಿಂದ 54ಕ್ಕೇರಿದರು. ಪಾಲು ಇನ್ನೂ ಶೇ 52ರಷ್ಟಿದೆ. ಆದರೆ ಉಳಿದವರಿಂದ ಕೈಗುಳಿಯುವುದು 23, ಸ್ಥಿರ ವೆಚ್ಚ ಈಗ 24. ಅವರಲ್ಲಿ ಹೆಚ್ಚಿನವರು 30 ದಿನಗಳಲ್ಲಿ ಹಣ ಕೊಡುತ್ತಾರೆ.

ಈ ವರ್ಷದ ದರ ಮಾತುಕತೆಯಲ್ಲಿ ದೊಡ್ಡ ಗ್ರಾಹಕನ ಖರೀದಿ ವಿಭಾಗ ಎಂದಿನಂತೆ ಎಲ್ಲ ಭಾಗಗಳ ಮೇಲೂ ಶೇ 3 ಕಡಿತ ಕೇಳಿತು. ಹಿಂದೆಲ್ಲ ಅಲ್ಲೇ ಒಪ್ಪಿ ಸಹಿ ಹಾಕಿ ಬರುತ್ತಿದ್ದೆ. ಈ ಬಾರಿ ಎಲ್ಲಿ ಕಡಿತ ಸಾಧ್ಯ, ಎಲ್ಲಿ ಇಲ್ಲವೆಂದು ಭಾಗವಾರು ಲೆಕ್ಕ ಮುಂದಿಟ್ಟೆ. ನಾಲ್ಕು ಭಾಗಗಳಿಗೆ ಕಡಿತ ಕೊಟ್ಟೆವು, ಮೂರಕ್ಕೆ ಹಳೆಯ ದರವನ್ನೇ ಅವರು ಒಪ್ಪಿದರು, ಒಂದನ್ನು ಬೇರೆಡೆಗೆ ಕೊಂಡೊಯ್ದರು. ಆ ಒಂದರಿಂದ ಬಿಡುವಾದ ಗಂಟೆಗಳಿಗೆ ಆಹಾರ ಯಂತ್ರದವರ ಎರಡು ಸ್ಯಾಂಪಲ್‌ಗಳು ಈಗಾಗಲೇ ಕಾಯುತ್ತಿದ್ದವು.